ನಗಿಸಿ, ಆದ್ರೆ ಸಣ್ಣಕ್ಷರದ ಮೇಲೆ ನಗಿಸಿ

(1/9)

ಮಾರ್ಕೆಟಿಂಗ್ ಕ್ಲಾಸಲ್ಲಿ ಈ ಸಲ ಕೊಟ್ಟ ಅಸೈನ್‌ಮೆಂಟ್ ನಮ್ಮ ಕ್ಲಾಸ್‌ನವರಿಗೆಲ್ಲ ಗೊತ್ತು. ಉಳಿದ ಫಾಲೋವರ್ಸ್‌ಗೆ ಹೇಳ್ತೀನಿ. ಒಂದು ವಿಮಾ ಕಂಪನಿಯ ಪೇಜನ್ನ ನಿಮ್ಮ ಕೈಗೆ ಕೊಟ್ಟರೆ ಒಂದು ತಿಂಗಳು ಏನೇನು ಹಾಕ್ತೀರಿ, ಪ್ಲಾನ್ ಮಾಡ್ಕೊಂಡು ಬನ್ನಿ ಅಂದ್ರು. ಅಷ್ಟೇ. ಹತ್ತು ನಿಮಿಷದಲ್ಲಿ ಕ್ಲಾಸು ಎರಡು ಹೋಳಾಯ್ತು.

ಮುಂದಿನ ಬೆಂಚಿನವರು ಹೇಳಿದ್ದು: ಆಸ್ಪತ್ರೆ, ಆಕ್ಸಿಡೆಂಟು, ಸಾವು, ಇದೆಲ್ಲ ನಗೋ ವಿಷಯಾನಾ? ನೀಟಾಗಿ ಒಂದು ಕುಟುಂಬದ ಫೋಟೋ ಹಾಕಿ, ಕೆಳಗೆ ಪ್ರೀಮಿಯಂ ಬರೆಯಿರಿ, ಮುಗೀತು. ಹಿಂದಿನ ಬೆಂಚಿನವರು ಹೇಳಿದ್ದು: ಅದನ್ನ ಯಾವನು ನೋಡ್ತಾನೆ ಗುರು? ಟ್ರೆಂಡಿಂಗ್ ಆಡಿಯೋ ಹಾಕು, ಯಮನಿಗೆ ಕೂಲಿಂಗ್ ಗ್ಲಾಸ್ ಹಾಕು, ರೀಚ್ ತಾನಾಗೇ ಬರುತ್ತೆ.

ನನ್ನ ಪ್ರಕಾರ ಇಬ್ಬರದ್ದೂ ತಪ್ಪು. ಯಾಕೆ ಅಂತ ಹೇಳೋಕೆ ಒಂಬತ್ತು ಪೋಸ್ಟ್ ಬೇಕಾಯ್ತು, ಸಹಿಸ್ಕೊಳ್ಳಿ. ಒಂದೇ ಮಾತಲ್ಲಿ ಬೇಕು ಅನ್ನೋರಿಗೆ: ವಿಮೆಯಲ್ಲಿ ನಗು ಬೇಕೇ ಬೇಕು, ಆದರೆ ಆ ನಗು ಕಂಪನಿಯ ಮೇಲೆ, ಅದರ ಪಾಲಿಸಿಯ ಸಣ್ಣಕ್ಷರದ ಮೇಲೆ ಇರಬೇಕು. ಹಾಸಿಗೆ ಮೇಲೆ ಮಲಗಿರೋನ ಮೇಲೆ ಅಲ್ಲ. ಕಂಪನಿಗಳು ಮಾತ್ರ ಸಣ್ಣಕ್ಷರ ಒಂದನ್ನ ಬಿಟ್ಟು ಬಾಕಿ ಎಲ್ಲದರ ಮೇಲೂ ಜೋಕ್ ಮಾಡ್ತವೆ. ನನ್ನ ಜಗಳ ಇರೋದೇ ಅಲ್ಲಿ.

(2/9)

ಮೊದಲು ಮುಂದಿನ ಬೆಂಚಿಗೆ.

ಗಂಭೀರವಾಗಿದ್ರೆ ಮರ್ಯಾದೆ ಉಳಿಯುತ್ತೆ ಅಂತ ನೀವು ಅಂದ್ಕೊಂಡಿದ್ದೀರಿ. ಅಮೆರಿಕದ ನೇಷನ್‌ವೈಡ್ ಅನ್ನೋ ವಿಮಾ ಕಂಪನಿ 2015ರ ಫೆಬ್ರವರಿಯಲ್ಲಿ, ಆ ದೇಶದವರೆಲ್ಲ ಮನೆಮಂದಿ ಸಮೇತ ಕೂತು ನೋಡೋ ಸೂಪರ್ ಬೌಲ್ ಪಂದ್ಯದ ನಡುವೆ ಒಂದು ಜಾಹೀರಾತು ಹಾಕ್ತು. ಒಬ್ಬ ಪುಟ್ಟ ಹುಡುಗ ಬಂದು ತಾನು ಸೈಕಲ್ ಕಲಿಯೋದೇ ಇಲ್ಲ, ಮದುವೆ ಆಗೋದೇ ಇಲ್ಲ ಅಂತ ಒಂದೊಂದಾಗಿ ಹೇಳ್ತಾ ಹೋಗ್ತಾನೆ. ಕೊನೆಗೆ ಕಾರಣ ಗೊತ್ತಾಗುತ್ತೆ: ಅವನು ಅಪಘಾತದಲ್ಲಿ ಆಗಲೇ ತೀರಿಕೊಂಡಿದ್ದಾನೆ. ಇಡೀ ಜಾಹೀರಾತಲ್ಲಿ ಒಂದು ನಗು ಇರಲಿಲ್ಲ. ಎಲ್ಲಾ ಗಂಭೀರ, ಎಲ್ಲಾ ನೀಟು. ಜನ ಅವತ್ತೇ ರಾತ್ರಿ ಉಗಿದರು. ಕೊನೆಗೆ ಕಂಪನಿ, ನಾವು ವಿಮೆ ಮಾರೋಕೆ ಇದನ್ನ ಮಾಡಿಲ್ಲ, ಮನೆಯೊಳಗೆ ಮಕ್ಕಳ ಸುರಕ್ಷತೆ ಬಗ್ಗೆ ಚರ್ಚೆ ಶುರುವಾಗಲಿ ಅಂತ ಮಾಡಿದ್ದು ಅಂತ ಸಮಜಾಯಿಷಿ ಕೊಡಬೇಕಾಯ್ತು.

ನಮ್ಮಲ್ಲೂ ಇದೇ ದಾರಿ. ಗಂಡನ ಫೋಟೋಗೆ ಹಾರ, ಪಕ್ಕದಲ್ಲಿ ಹೆಂಡತಿ, ಮಗುವಿನ ಸ್ಕೂಲ್ ಫೀಸು. ಮನೆಗೆ ಬರೋ ಏಜೆಂಟ್ ಕೂಡ ಕಾಫಿ ಕುಡೀತಾ ಅದನ್ನೇ ಹೇಳೋದು: ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ನಮ್ಮಜ್ಜಿ ಅಂತೂ ಆ ಮಾತು ಬಂದ ತಕ್ಷಣ "ಬಿಡ್ತು ಅನ್ನಪ್ಪಾ" ಅಂತ ಎದ್ದು ಒಳಗೆ ಹೋಗ್ತಿದ್ರು. ಹೆದರಿಸಿದರೆ ಜನ ಕೇಳೋದಿಲ್ಲ, ಎದ್ದು ಹೋಗ್ತಾರೆ. ಇಲ್ಲಾ ಹೆದರಿಕೆಯಲ್ಲೇ ಸಹಿ ಹಾಕ್ತಾರೆ, ಏನಕ್ಕೆ ಸಹಿ ಹಾಕಿದ್ದು ಅಂತ ಓದೋದಿಲ್ಲ.

ನಕ್ಕರೆ ವಿಷಯ ಹಗುರ ಆಗುತ್ತೆ ಅನ್ನೋ ವಾದವೂ ನನಗೆ ಒಪ್ಪಿಗೆ ಇಲ್ಲ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನಾಟಕ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕವರು ನಮ್ಮ ಮನೆಗಳಲ್ಲೇ ಇದ್ದಾರೆ, ಕೇಳಿ ನೋಡಿ. ಲಂಚ ಅಂದ್ರೆ ತಮಾಷೆ ಅಂತ ಯಾರೂ ಅಂದ್ಕೊಂಡು ಎದ್ದು ಬರಲಿಲ್ಲ. ಅವರು ನಗಿಸಿದ್ದು ತಿನ್ನೋ ಕುರ್ಚಿಯ ಮೇಲೆ, ಅರ್ಜಿ ಹಿಡ್ಕೊಂಡು ನಿಂತವನ ಮೇಲಲ್ಲ.

(3/9)

ಈಗ ಹಿಂದಿನ ಬೆಂಚು. ನಿಮಗೆ ಒಂದು ಬಾತುಕೋಳಿ ಕಥೆ.

ಅಫ್ಲ್ಯಾಕ್ ಅಂತ ಅಮೆರಿಕದ ಒಂದು ವಿಮಾ ಕಂಪನಿ. ಹೆಸರು ಯಾರಿಗೂ ನೆನಪಿರ್ತಿರಲಿಲ್ಲ. ಆಮೇಲೆ ಯಾರಿಗೋ ಹೊಳೀತು, ಆ ಹೆಸರನ್ನ ಜೋರಾಗಿ ಹೇಳಿದರೆ ಬಾತುಕೋಳಿ ಕೂಗಿದ ಹಾಗೇ ಕೇಳುತ್ತೆ ಅಂತ. 2000ದ ಹೊತ್ತಿಗೆ ಜಾಹೀರಾತು ಬಂತು. ಇಬ್ಬರು ಕೂತು, ಆ ವಿಮಾ ಕಂಪನಿ ಹೆಸರೇನಪ್ಪಾ ಅಂತ ತಲೆ ಕೆರ್ಕೊಳ್ತಿರ್ತಾರೆ. ಪಕ್ಕದಲ್ಲೇ ಒಂದು ಬಿಳಿ ಬಾತುಕೋಳಿ ಗಂಟಲು ಹರಿದುಕೊಂಡು ಆ ಹೆಸರನ್ನ ಕೂಗ್ತಿರುತ್ತೆ. ಯಾರೂ ಅದರ ಕಡೆ ತಿರುಗಿ ನೋಡಲ್ಲ. ಇಷ್ಟೇ ಜೋಕು.

ಇಲ್ಲಿ ಯಾರನ್ನ ನೋಡಿ ನಗ್ತಿದ್ದೀವಿ, ಸ್ವಲ್ಪ ಯೋಚ್ನೆ ಮಾಡಿ. ಕಾಯಿಲೆ ಬಿದ್ದವನನ್ನಲ್ಲ. ಕಾಲು ಮುರ್ಕೊಂಡವನನ್ನಲ್ಲ. ಯಾರ ತಲೆಯಲ್ಲೂ ನಿಲ್ಲದ ಒಂದು ಕಂಪನಿ ಹೆಸರನ್ನ, ಕೂಗಿ ಕೂಗಿ ಸುಸ್ತಾದ ಕಂಪನಿಯ ಬಾತುಕೋಳಿಯನ್ನ. ಕಂಪನಿ ತನ್ನನ್ನ ತಾನೇ ಗೇಲಿ ಮಾಡ್ಕೊಳ್ತಿದೆ. ಅದಕ್ಕೇ ಆ ಜೋಕನ್ನ ಆಸ್ಪತ್ರೆಯ ವೇಟಿಂಗ್ ಹಾಲ್‌ನಲ್ಲಿ ಕೂತವನು ಟಿವಿಯಲ್ಲಿ ನೋಡಿದ್ರೂ ಅವನಿಗೆ ನೋವಾಗಲ್ಲ. ನನಗೆ ಇದೇ ಅಳತೆಗೋಲು. ಜೋಕ್ ಬರೆದ ಮೇಲೆ, ಇವತ್ತು ಬೆಳಗ್ಗೆ ತಾನೇ ಕ್ಲೈಮ್ ಫಾರಂ ತುಂಬಿದವನ ಮುಂದೆ ಇದನ್ನ ಓದೋಕೆ ಆಗುತ್ತಾ ಅಂತ ಕೇಳ್ಕೊಳ್ಳಿ.

(4/9)

ಕಥೆ ಮುಗಿದಿಲ್ಲ.

ಆ ಬಾತುಕೋಳಿಗೆ ಅಮೆರಿಕದ ಜಾಹೀರಾತುಗಳಲ್ಲಿ ದನಿ ಕೊಡ್ತಿದ್ದವನು ಗಿಲ್ಬರ್ಟ್ ಗಾಟ್‌ಫ್ರೀಡ್ ಅನ್ನೋ ಹಾಸ್ಯಗಾರ. 2011ರ ಮಾರ್ಚ್ 11ಕ್ಕೆ ಜಪಾನಿನಲ್ಲಿ ಭೂಕಂಪ ಆಗಿ ಸುನಾಮಿ ಬಂತು. ಸಾವಿರಾರು ಜನ ಸತ್ತರು. ಅದಾದ ಮೂರ್ನಾಲ್ಕು ದಿನದೊಳಗೆ ಈ ಮನುಷ್ಯ ತನ್ನ ಸ್ವಂತ ಟ್ವಿಟರ್ ಖಾತೆಯಲ್ಲಿ ಸುನಾಮಿ ಮೇಲೆ ಸಾಲು ಸಾಲು ಜೋಕ್ ಹಾಕಿದ. ಕಂಪನಿ ಪೇಜಲ್ಲಿ ಅಲ್ಲ, ತನ್ನದೇ ಖಾತೆಯಲ್ಲಿ. ಆದ್ರೂ ಮಾರ್ಚ್ 14ಕ್ಕೆ ಕಂಪನಿ ಅವನನ್ನ ಕೆಲಸದಿಂದ ತೆಗೀತು.

ಮತ್ತೆ ಇದು ಬರೀ ಮರ್ಯಾದೆ ಪ್ರಶ್ನೆಯೂ ಆಗಿರಲಿಲ್ಲ. ಆ ಕಂಪನಿಯ ಆದಾಯದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಬರ್ತಿದ್ದದ್ದೇ ಜಪಾನಿನಿಂದ. ಅಂದ್ರೆ ಅವನು ಜೋಕ್ ಮಾಡಿದ್ದು ಕಂಪನಿಯ ಪಾಲಿಸಿದಾರರ ಮೇಲೆ. ಕ್ಲೈಮ್ ಫಾರಂ ಬರೋಕೆ ಮುಂಚೆನೇ ಜೋಕ್ ಬಂದಿತ್ತು.

ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ಆಮೇಲೆ ನಡೆದದ್ದು. ಕಂಪನಿ ಗಾಬರಿಯಾಗಿ ಬಾತುಕೋಳಿಯನ್ನ ಮೂಲೆಗೆ ಹಾಕಲಿಲ್ಲ. ಹೊಸ ದನಿಗೆ ಆಡಿಷನ್ ಮಾಡಿ, ಬೇರೊಬ್ಬರನ್ನ ತಗೊಂಡು, ಅದೇ ಬಾತುಕೋಳಿಯಿಂದ ಅದೇ ಹೆಸರನ್ನ ಮತ್ತೆ ಕೂಗಿಸಿತು. ಅವರಿಗೆ ತಮ್ಮ ಜೋಕಿಗೂ ಅವನ ಜೋಕಿಗೂ ವ್ಯತ್ಯಾಸ ಗೊತ್ತಿತ್ತು. ಮುಂದಿನ ಬೆಂಚಿನವರು ಈ ಘಟನೆ ಹಿಡ್ಕೊಂಡು "ನೋಡಿದ್ರಾ, ಹಾಸ್ಯವೇ ಬೇಡ" ಅಂತಾರೆ. ಆ ಕಂಪನಿಯೇ ಹಾಗೆ ಅನ್ಲಿಲ್ಲ.

(5/9)

ಸರಿ, ಹಾಗಾದ್ರೆ ಏನು ಹಾಕ್ಬೇಕು? ಒಂದೇ ಒಂದು ಉದಾಹರಣೆ ತಗೊಂಡು ಪೂರ್ತಿ ಬಿಡಿಸ್ತೀನಿ. ಇದು ನಮ್ಮ ಚಿಕ್ಕಪ್ಪನಿಗೆ ಆದದ್ದರ ಮೇಲೆ ಹೊಳೆದದ್ದು. ಕಂಪನಿ ಹೆಸರು, ಆಸ್ಪತ್ರೆ ಹೆಸರು ಎರಡೂ ಬೇಡ, ಲೆಕ್ಕವನ್ನೂ ಸುಲಭ ಆಗ್ಲಿ ಅಂತ ಬದಲಾಯಿಸಿದ್ದೀನಿ.

ಮೂರು ಲಕ್ಷದ ಹೆಲ್ತ್ ಪಾಲಿಸಿ. ಅದರಲ್ಲಿ ಒಂದು ಸಾಲು: ರೂಮ್ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1ರವರೆಗೆ. ಅಂದ್ರೆ ದಿನಕ್ಕೆ 3,000 ರೂಪಾಯಿ. ಎಲ್ಲಾ ಪಾಲಿಸಿಯಲ್ಲೂ ಈ ಮಿತಿ ಇರಲ್ಲ, ಹಲವು ಪಾಲಿಸಿಗಳಲ್ಲಿ ಇರುತ್ತೆ. ಅಡ್ಮಿಟ್ ಆಗುವಾಗ ಟಿವಿ, ಸೋಫಾ ಇರೋ 6,000 ರೂಪಾಯಿ ರೂಮ್ ತಗೊಂಡ್ರು ಅಂದ್ಕೊಳ್ಳಿ. ಮನೆಯವರ ಲೆಕ್ಕ ಏನು? ಜಾಸ್ತಿ ಆಗೋ ಮೂರು ಸಾವಿರ ನಾವು ಕೊಡೋಣ, ನಾಲ್ಕು ದಿನಕ್ಕೆ ಹನ್ನೆರಡು ಸಾವಿರ, ಪರವಾಗಿಲ್ಲ.

ಬಿಲ್ ಬಂತು. ರೂಮ್ 24,000. ಸರ್ಜನ್, ಅರಿವಳಿಕೆ ಡಾಕ್ಟರ್, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 60,000. ಔಷಧಿ ಮತ್ತು ಟೆಸ್ಟು 26,000. ಒಟ್ಟು 1,10,000.

ಈಗ ಸಣ್ಣಕ್ಷರ ಎದ್ದು ನಿಲ್ಲುತ್ತೆ. ನೀವು ಅರ್ಹರಾಗಿದ್ದ ರೂಮ್ 3,000ದ್ದು, ತಗೊಂಡದ್ದು 6,000ದ್ದು, ಅಂದ್ರೆ ಅರ್ಧ. ಹಾಗಾಗಿ ರೂಮ್ ಬಾಡಿಗೆ ಜೊತೆಗೆ ಸರ್ಜನ್, ಥಿಯೇಟರ್, ನರ್ಸಿಂಗ್ ಖರ್ಚಿಗೂ ಅರ್ಧವನ್ನೇ ಕೊಡ್ತಾರೆ. ದೊಡ್ಡ ರೂಮಿಗೆ ಹೋದ್ರೆ ಆಸ್ಪತ್ರೆಯವರು ಡಾಕ್ಟರ್ ಫೀಸನ್ನೂ ಜಾಸ್ತಿ ಹಾಕ್ತಾರೆ ಅನ್ನೋದು ಇದರ ಹಿಂದಿನ ತರ್ಕ. ರೂಮಿಗೆ ತಕ್ಕ ಹಾಗೆ ರೇಟು ಬದಲಾಯಿಸದ ಆಸ್ಪತ್ರೆಯಾದ್ರೆ ಈ ಕಡಿತ ಮಾಡೋ ಹಾಗಿಲ್ಲ. ಔಷಧಿ, ಟೆಸ್ಟು, ಒಳಗೆ ಕೂರಿಸೋ ರಾಡು ಪ್ಲೇಟು, ಐಸಿಯು, ಇವಕ್ಕೂ ಈ ಅರ್ಧದ ಲೆಕ್ಕ ಹಾಕಬಾರದು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲೇ ಹೇಳಿದೆ.

ಹಾಗಾಗಿ ಕಂಪನಿ ಕೊಟ್ಟದ್ದು: ರೂಮಿಗೆ 12,000, ಡಾಕ್ಟರ್ ಥಿಯೇಟರ್‌ಗೆ 30,000, ಔಷಧಿಗೆ ಪೂರ್ತಿ 26,000. ಒಟ್ಟು 68,000. ಮನೆಯವರ ಕೈಯಿಂದ 42,000. ಹನ್ನೆರಡು ಸಾವಿರ ಅಂದ್ಕೊಂಡಿದ್ದು ನಲವತ್ತೆರಡು ಸಾವಿರ ಆಯ್ತು.

ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರ್ ಮುಂದೆ ನಿಂತು ಇದನ್ನ ಮೊದಲ ಸಲ ಕೇಳೋರ ಮುಖ ನಾನು ನೋಡಿದ್ದೀನಿ. ಅಲ್ಲಿ ಯಾವ ಮೀಮೂ ಕೆಲಸಕ್ಕೆ ಬರಲ್ಲ. ಅಡ್ಮಿಷನ್ ದಿನಕ್ಕಿಂತ ಮುಂಚೆ ಬಂದಿದ್ರೆ ಬರ್ತಿತ್ತು.

(6/9)

ಇದನ್ನ ಮೀಮ್ ಮಾಡೋಣ. ಎರಡು ರೀತಿ ಮಾಡಬಹುದು.

ಒಂದು. ಮೇಲೆ ಆಸ್ಪತ್ರೆ ಹಾಸಿಗೆಯಲ್ಲಿ ಅಂಕಲ್, "ಟಿವಿ ಇರೋ ರೂಮೇ ಬೇಕು" ಅಂತಿದ್ದಾರೆ. ಕೆಳಗೆ ಬಿಲ್: ಟಿವಿ ಬಾಡಿಗೆ, ನಾಲ್ಕು ದಿನಕ್ಕೆ 42,000. ಪಕ್ಕದಲ್ಲಿ, "ಅದರಲ್ಲಿ ನೋಡಿದ್ದು ಬರೀ ಧಾರಾವಾಹಿ." ನಗು ಬರುತ್ತೆ, ಇಲ್ಲ ಅನ್ನಲ್ಲ. ಹಿಂದಿನ ಬೆಂಚಿನಲ್ಲಿ ಚಪ್ಪಾಳೆ ಬೀಳುತ್ತೆ.

ಆದ್ರೆ ಇಲ್ಲಿ ದಡ್ಡ ಯಾರಾದ್ರು? ಅಂಕಲ್. ನೋವಲ್ಲಿ ಇರೋ ಮನುಷ್ಯ, ಸ್ವಲ್ಪ ಒಳ್ಳೆ ರೂಮ್ ಕೇಳಿದ್ದಕ್ಕೆ ನಗೆಪಾಟಲು. ಅದೂ ಆ ಸಾಲನ್ನ ಬರೆದ ಕಂಪನಿಯೇ ಅವರನ್ನ ನೋಡಿ ನಗ್ತಿದೆ. ಮೂವತ್ತು ಸಾವಿರ ಹಿಡ್ಕೊಂಡವನು ಕಳ್ಕೊಂಡವನನ್ನ ಗೇಲಿ ಮಾಡಿದ ಹಾಗೆ. ಇದನ್ನ ಸ್ಟಾಂಡಪ್ ಕಾಮಿಡಿಯನ್ ಹೇಳಿದ್ರೆ ಬೇರೆ ಮಾತು. ಕಂಪನಿ ಪೇಜ್ ಹೇಳಬಾರದು.

ಇನ್ನೊಂದು. ಮದುವೆ ಮನೆ. ಎಲ್ಲರೂ ಗ್ರೂಪ್ ಫೋಟೋಗೆ ನಿಂತಿದ್ದಾರೆ, ಒಬ್ಬೊಬ್ಬರ ಮೇಲೆ ಒಂದೊಂದು ಹೆಸರು: 'ಕ್ಯಾಶ್‌ಲೆಸ್', 'ಫ್ರೀ ಹೆಲ್ತ್ ಚೆಕಪ್', 'ತೆರಿಗೆ ವಿನಾಯಿತಿ'. ಮುಂದಿನ ಸಾಲಲ್ಲಿ ಹಲ್ಲು ಕಿರಿದುಕೊಂಡು ಕೂತಿದ್ದಾರೆ. ಕೊನೆ ಸಾಲಲ್ಲಿ, ಯಾರದೋ ಭುಜದ ಹಿಂದೆ, ಅರ್ಧ ಮುಖ ಕಾಣೋ ಹಾಗೆ ಒಬ್ಬ ಮಾವ. ಅವನ ಮೇಲೆ 'ರೂಮ್ ಬಾಡಿಗೆ ಶೇ. 1'. ಕೆಳಗೆ: "ಫೋಟೋದಲ್ಲಿ ಕಾಣಲ್ಲ, ಊಟದ ಬಿಲ್ಲಲ್ಲಿ ಕಾಣ್ತಾನೆ." ಕ್ಯಾಪ್ಷನ್‌ನಲ್ಲಿ ಎರಡೇ ವಾಕ್ಯ: ಅಡ್ಮಿಟ್ ಆಗೋ ಮುಂಚೆ ನಿಮ್ಮ ಪಾಲಿಸಿಯಲ್ಲಿ ದಿನದ ರೂಮ್ ಬಾಡಿಗೆ ಮಿತಿ ಎಷ್ಟು ಅಂತ ನಮಗೆ ಫೋನ್ ಮಾಡಿ ಕೇಳಿ. ಮಿತಿ ಮೀರಿದ ರೂಮ್ ತಗೊಂಡ್ರೆ ಡಾಕ್ಟರ್ ಫೀಸಿನಲ್ಲೂ ಕಡಿತ ಆಗಬಹುದು.

ವಿಷಯ ಒಂದೇ, ಲೆಕ್ಕ ಒಂದೇ. ಎರಡನೇದರಲ್ಲಿ ನಗೆಪಾಟಲಾದದ್ದು ಅಡಗಿ ಕೂತ ಷರತ್ತು. ಅಂಕಲ್ ಅಲ್ಲಿ ಇಲ್ಲವೇ ಇಲ್ಲ. ಮತ್ತೆ ಅದನ್ನ ನೋಡಿದವನು ಮುಂದೆ ಒಂದು ದಿನ ಅಡ್ಮಿಷನ್ ಕೌಂಟರ್‌ನಲ್ಲಿ ಆ ಮಾವನ ಮುಖ ನೆನಪಿಸ್ಕೊಳ್ತಾನೆ.

(7/9)

ಇಲ್ಲಿಗೆ ಬಂದ ತಕ್ಷಣ ಒಬ್ಬ ಬುದ್ಧಿವಂತ ಕೇಳೇ ಕೇಳ್ತಾನೆ: ಕಂಪನಿ ತನ್ನ ಷರತ್ತನ್ನ ತಾನೇ ಎತ್ತಿ ತೋರಿಸಿದ್ರೆ ಪಾಲಿಸಿ ಯಾವನು ತಗೋತಾನೆ?

ನಾವೆಲ್ಲ ಇನ್ಶೂರೆನ್ಸ್ ಪೇಪರ್‌ನಲ್ಲಿ ಪರಮ ಸದ್ಭಾವನೆಯ ತತ್ವ ಅಂತ ಓದಿ, ಐದು ಮಾರ್ಕ್ಸಿಗೆ ಬರೆದು ಮರೆತಿದ್ದೀವಿ. ವಿಮೆ ತಗೊಳ್ಳೋನು ತನ್ನ ಬಿಪಿ, ಶುಗರ್, ಹಳೇ ಆಪರೇಷನ್ ಎಲ್ಲಾ ಬಾಯಿ ಬಿಟ್ಟು ಹೇಳಬೇಕು, ಮುಚ್ಚಿಟ್ಟರೆ ಕ್ಲೈಮ್ ಹೋಗುತ್ತೆ. ನಮ್ಮ ನೋಟ್ಸ್‌ನಲ್ಲಿ ಅಲ್ಲಿಗೇ ನಿಂತಿದೆ. ಆದ್ರೆ ಆ ತತ್ವ ಎರಡೂ ಕಡೆಯವರಿಗೆ. ಕಂಪನಿಯೂ ತಾನು ಏನು ಕೊಡಲ್ಲ ಅನ್ನೋದನ್ನ ಬಾಯಿ ಬಿಟ್ಟು ಹೇಳಬೇಕು. ನಲವತ್ತು ಪುಟದ ಪಿಡಿಎಫ್ ಕಳಿಸಿ "ಹೇಳಿದ್ವಲ್ಲ" ಅಂದ್ರೆ ಅದು ಸದ್ಭಾವನೆ ಹೇಗಾಗುತ್ತೆ? ಅದೇ ಸಾಲನ್ನ ಜನ ನಕ್ಕು ನೆನಪಿಟ್ಟುಕೊಳ್ಳೋ ಹಾಗೆ ಹೇಳಿದ್ರೆ ಆಗುತ್ತೆ.

ವ್ಯಾಪಾರದ ಲೆಕ್ಕವೂ ಅದೇ ಕಡೆ ಇದೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಷರತ್ತು ಇಷ್ಟ ಆಗದಿದ್ರೆ ವಾಪಸ್ ಕೊಡಬಹುದು, ಅದನ್ನ ಫ್ರೀ ಲುಕ್ ಅವಧಿ ಅಂತಾರೆ. ಹೆಲ್ತ್ ಪಾಲಿಸಿ ಸಾಮಾನ್ಯವಾಗಿ ವರ್ಷ ವರ್ಷ ರಿನ್ಯೂ ಆಗಬೇಕಾದ್ದು. ತಪ್ಪು ತಿಳ್ಕೊಂಡು ಕೊಂಡವನು ಮೊದಲ ಕ್ಲೈಮ್ ತನಕ ಮಾತ್ರ ಗಿರಾಕಿ.

ಇನ್ನೊಂದು ವಿಷಯ. ಇನ್‌ಸ್ಟಾದಲ್ಲಿ ಹಾಕಿದ ಮೀಮ್ ಕೂಡ ಕಾನೂನಿನ ಕಣ್ಣಲ್ಲಿ ವಿಮಾ ಜಾಹೀರಾತೇ. ಪಾಲಿಸಿಯಲ್ಲಿ ಇಲ್ಲದ ಲಾಭವನ್ನ ಇದೆ ಅನ್ನಿಸೋ ಹಾಗೆ ತೋರಿಸಿದ್ರೆ ಅದು ದಾರಿ ತಪ್ಪಿಸೋ ಜಾಹೀರಾತು. "ಏ, ತಮಾಷೆಗೆ ಹಾಕಿದ್ದು" ಅನ್ನೋದು ಉತ್ತರ ಆಗಲ್ಲ. ನಮ್ಮ ಕ್ಲಾಸಲ್ಲೇ ಒಂದು ಗುಂಪು ಮಾಡಿದ ಪೋಸ್ಟರ್: ಆಸ್ಪತ್ರೆ ಬಿಲ್ ನೋಡಿ ಹೀರೋ ಕಾಲರ್ ಎತ್ತಿ, "ಒಂದ್ರೂಪಾಯೂ ನಾನ್ ಕೊಡಲ್ಲ" ಅಂತಾನೆ. ಮಸ್ತ್ ಡೈಲಾಗು. ಮೇಲಿನ ಲೆಕ್ಕದ ಪ್ರಕಾರ ಆ ಹೀರೋ 42,000 ಕೊಟ್ಟು ಮನೆಗೆ ಹೋಗಬೇಕು.

(8/9)

ಜೋಕ್ ಸರಿ ಇದ್ರೂ ದಿನ ತಪ್ಪಾಗಬಹುದು.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಮುಳುಗಿ, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿದೆಯಲ್ಲ? ಮೀಮ್ ಸುರಿಮಳೆ. ಮೋಟಾರ್ ವಿಮೆಯವರಿಗೆ ಅದು ಬಂಗಾರದಂಥ ಸಮಯ, ಯಾಕಂದ್ರೆ ಅಲ್ಲೂ ಒಂದು ಸಣ್ಣಕ್ಷರ ಇದೆ. ಬರೀ ಥರ್ಡ್ ಪಾರ್ಟಿ ವಿಮೆ ಇದ್ರೆ ನಿಮ್ಮ ಗಾಡಿ ಮುಳುಗಿದ್ದಕ್ಕೆ ಏನೂ ಸಿಗಲ್ಲ. ಸ್ವಂತ ಗಾಡಿಯ ಹಾನಿಗೂ ಸೇರಿಸಿ ಪಾಲಿಸಿ ಮಾಡಿಸಿದ್ರೆ ಪ್ರವಾಹದ ಹಾನಿ ಬರುತ್ತೆ. ಆದ್ರೆ ನೀರಲ್ಲಿ ನಿಂತ ಗಾಡಿಯನ್ನ ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಇಂಜಿನ್ ಒಳಗೆ ನೀರು ಎಳ್ಕೊಂಡು ಹಾಳಾದ್ರೆ, ಇಂಜಿನ್‌ಗೆ ಅಂತ ಬೇರೆ ಆಡ್-ಆನ್ ತಗೊಂಡಿಲ್ಲದಿದ್ರೆ, ಸಾಮಾನ್ಯವಾಗಿ ಕ್ಲೈಮ್ ಬರಲ್ಲ. "ಇನ್ನೊಂದ್ಸಲ ನೋಡೋಣ ತಡಿ" ಅಂತ ಕೀ ತಿರುಗಿಸೋ ನಮ್ಮ ಕೈಯನ್ನ ಹಿಡ್ಕೊಂಡು ಎಷ್ಟು ಮೀಮ್ ಮಾಡಬಹುದು! ಪ್ರತಿ ನಗುವಿಗೂ ಒಂದು ಇಂಜಿನ್ ಉಳಿಯುತ್ತೆ.

ಈಗ ಇದೇ ಮೀಮನ್ನ ಮಳೆಗಾಲಕ್ಕೆ ಅಂತ ಜೂನ್‌ನಲ್ಲೇ ಬರೆದು, ಜುಲೈ 16ಕ್ಕೆ ಶೆಡ್ಯೂಲ್ ಮಾಡಿಟ್ಟಿದ್ದಾರೆ ಅಂದ್ಕೊಳ್ಳಿ. 2024ರ ಜುಲೈ 16, ಉತ್ತರ ಕನ್ನಡದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದ ದಿನ. ಜನ, ಲಾರಿ, ಎಲ್ಲ ಮಣ್ಣಿನಡಿ, ನದಿಯಲ್ಲಿ. ಅವತ್ತು ಮಧ್ಯಾಹ್ನ ಒಂದು ಪೇಜಿನಿಂದ ತಾನಾಗೇ "ಮಳೆ ಬಂತು, ಗಾಡಿ ದೋಣಿ ಆಯ್ತು" ಅಂತ ಬಿದ್ರೆ? ಬರೆದವನ ಮನಸ್ಸಲ್ಲಿ ಬೆಂಗಳೂರಿನ ಟ್ರಾಫಿಕ್ಕು, ಓದೋರ ಕಣ್ಣಲ್ಲಿ ಶಿರೂರು. ಬರೆದವನ ಉದ್ದೇಶ ಯಾರಿಗೂ ಬೇಕಾಗಿಲ್ಲ.

ಅದಕ್ಕೇ ವಿಮೆ ಪೇಜಿನ ಪ್ಲಾನ್‌ನಲ್ಲಿ ನಾನು ಕೇಳೋ ಮೊದಲ ವಿಷಯ ಜೋಕ್ ಯಾವುದು ಅಂತಲ್ಲ, ಅದನ್ನ ನಿಲ್ಲಿಸೋರು ಯಾರು ಅಂತ. ಬೆಳಗ್ಗೆ ಸುದ್ದಿ ನೋಡಿ ಅವತ್ತಿನ ಶೆಡ್ಯೂಲ್ ತೆಗೆಯೋಕೆ ಅಧಿಕಾರ ಇರೋ ಒಬ್ಬ ಮನುಷ್ಯ ಬೇಕು. ಭಾನುವಾರವೂ ಬೇಕು. ಅವನಿಗೆ ಮೇಲಿನವರ ಅಪ್ಪಣೆ ಕಾಯೋ ಹಾಗಿರಬಾರದು. ಅವನಿಲ್ಲದ ಪೇಜಿಗೆ ಮೀಮ್ ಸಹವಾಸವೇ ಬೇಡ.

(9/9)

ಕೊನೆಯದು ಕಾಮೆಂಟ್ ಬಾಕ್ಸ್. ಯಾವ ವಿಮಾ ಪೇಜಿಗೆ ಬೇಕಾದ್ರೂ ಹೋಗಿ ನೋಡಿ. ಮೇಲೆ ಮೀಮ್, ಕೆಳಗೆ ಯಾರೋ ಒಬ್ಬರು: "ಮೂರು ತಿಂಗಳಾಯ್ತು, ಅಮ್ಮನ ಕ್ಲೈಮ್ ಇನ್ನೂ ಪೆಂಡಿಂಗ್." ಅದಕ್ಕೆ ಪೇಜಿನವರು ಎರಡು ರೀತಿ ಹಾಳು ಮಾಡ್ತಾರೆ. ಒಂದು, ಮೀಮಿನ ಮೂಡಲ್ಲೇ ಒಂದು ಚೂಟಿ ಉತ್ತರ ಕೊಡೋದು. ಇನ್ನೊಂದು, ಅಚ್ಚು ಒತ್ತಿದ ಹಾಗೆ "ಅನಾನುಕೂಲತೆಗಾಗಿ ವಿಷಾದಿಸುತ್ತೇವೆ, ಡಿಎಂ ಮಾಡಿ" ಅಂತ ನೂರು ಜನಕ್ಕೂ ಅದೇ ಅಂಟಿಸೋದು. ಒಂದು ನಿಮಿಷದ ಹಿಂದೆ ಗೆಳೆಯನ ಹಾಗೆ "ಏನ್ ಗುರು" ಅಂತಿದ್ದವನು, ದುಡ್ಡಿನ ಮಾತು ಬಂದ ತಕ್ಷಣ ಸರ್ಕಾರಿ ನೋಟಿಸ್ ಆಗ್ಬಿಡ್ತಾನೆ. ಜನಕ್ಕೆ ಮೈ ಉರಿಯೋದು ಅದಕ್ಕೆ.

ಅಲ್ಲಿ ನಗು ಬೇಡ, ನೋಟಿಸೂ ಬೇಡ, ನೇರ ಮಾತು ಸಾಕು. ಯಾವ ಕಾಗದ ಬಾಕಿ ಇದೆ ಅನ್ನೋದನ್ನ ಅವರಿಗೆ ಖಾಸಗಿಯಾಗಿ ಹೇಳಿ. ಕಂಪನಿಯ ದೂರು ಅಧಿಕಾರಿಗೆ ಲಿಖಿತವಾಗಿ ಹೇಗೆ ಕೊಡೋದು ಅಂತ ಹೇಳಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ರೆ, ವಿಮಾ ಒಂಬುಡ್ಸ್‌ಮನ್ ಹತ್ರ ಹೋಗಬಹುದು, ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಲ್ಲೇ ಇದೆ, ಫೀಸ್ ಇಲ್ಲ, ವಕೀಲರು ಬೇಕಿಲ್ಲ ಅಂತಲೂ ಹೇಳಿ. ಕಂಪನಿಯೇ ತನ್ನ ಮೇಲೆ ದೂರು ಕೊಡೋ ದಾರಿ ತೋರಿಸಬೇಕಾ ಅಂತ ಕೇಳಬೇಡಿ. ಏಳನೇ ಪೋಸ್ಟ್‌ಗೆ ವಾಪಸ್ ಹೋಗಿ ಓದಿ.

ಹಾಂ, ಒಂದು ಬಿಟ್ಟೋಗಿತ್ತು. 'ರಿಲೇಟಬಲ್' ಅನ್ನೋ ಪದ ನಮ್ಮ ಅಸೈನ್‌ಮೆಂಟ್‌ನಲ್ಲಿ ನಾಲ್ಕು ಸಲ ಇದೆ. ಹಿಂದಿ ಮೀಮನ್ನ ತಂದು ಕೊನೆಗೆ ಒಂದು 'ಮಗಾ' ಸೇರಿಸಿದ್ರೆ ಅದು ಕನ್ನಡದ ಮನೆ ಆಗಲ್ಲ. ನಮ್ಮ ಮನೆ ಹೇಗಿರುತ್ತೆ ಅಂದ್ರೆ: ಪಾಲಿಸಿ ಬಾಂಡ್ ಬೀರುವಿನಲ್ಲಿ, ರೇಷ್ಮೆ ಸೀರೆ ಕೆಳಗೆ, ಪಹಣಿ ಮತ್ತು ಜಾತಕದ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಎಷ್ಟು ಪಾಲಿಸಿ ಇದೆ ಅಂತ ಅಪ್ಪನಿಗೆ ಮಾತ್ರ ಗೊತ್ತು. ಬೀರು ಕೀ ಎಲ್ಲಿದೆ ಅಂತ ಅಮ್ಮನಿಗೆ ಮಾತ್ರ ಗೊತ್ತು. ನಾಮಿನಿ ಯಾರು ಅಂತ ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಏಜೆಂಟ್ ಮಾತ್ರ ಅತ್ತೆ ಕಡೆ ಸಂಬಂಧಿಕರು, ಇಲ್ಲ ಅನ್ನೋಕಾಗದೆ ಮಾಡಿಸಿದ್ದು. ಇದರಲ್ಲಿ ಸಾವಿನ ಮಾತೇ ಇಲ್ಲ ನೋಡಿ. ಆದ್ರೂ ನಕ್ಕ ಮೇಲೆ ಒಬ್ಬರಾದ್ರೂ ಎದ್ದು ಹೋಗಿ "ಅಪ್ಪಾ, ನಾಮಿನಿ ಯಾರು?" ಅಂತ ಕೇಳ್ತಾರೆ. ನಮ್ಮ ಗುಂಪಿನ ಪ್ಲಾನ್‌ನಲ್ಲಿ ಮೊದಲ ವಾರದ ಪೋಸ್ಟ್ ಇದೇ.

ಎರಡನೇ ವಾರಕ್ಕೆ ನಿಮ್ಮಿಂದ ಸಾಮಾನು ಬೇಕು. ಮನೆಯಲ್ಲಿರೋ ಹೆಲ್ತ್ ಪಾಲಿಸಿ ತೆಗೀರಿ, ರೂಮ್ ಬಾಡಿಗೆ ಸಾಲು ಯಾವ ಪುಟದಲ್ಲಿದೆ ಹುಡುಕಿ, ಕಾಮೆಂಟ್‌ನಲ್ಲಿ ಪುಟ ಸಂಖ್ಯೆ ಮಾತ್ರ ಹಾಕಿ. ಕಂಪನಿ ಹೆಸರು ಬೇಡ, ಪಾಲಿಸಿ ನಂಬರಿನ ಫೋಟೋ ಅಂತೂ ಖಂಡಿತ ಬೇಡ. ಎಲ್ಲಕ್ಕಿಂತ ಹಿಂದಿನ ಪುಟದಲ್ಲಿ ಸಿಕ್ಕವರ ಪಾಲಿಸಿಗೆ ಆ ಮಾವನ ಪಾತ್ರ.